ಒಂದೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮತ್ತು ವಿಂಡೋಸ್: ಎರಡೂವರೆ ವರ್ಷದ ಬಳಕೆಯ ನಂತರ

ನನ್ನ ಓದಿಗೆ ಎರಡು ಬಗೆಯ ತಂತ್ರಾಂಶಗಳು ಬೇಕೇ ಬೇಕು. ಯಂತ್ರದ ಭಾಗಗಳನ್ನು ವಿನ್ಯಾಸಗೊಳಿಸಲು ಸಾಲಿಡ್‌ವರ್ಕ್ಸ್ ಬಳಸುತ್ತೇನೆ. ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಆ ಭಾಗಗಳಿಂದ ಕಟ್ಟಿದ ರೋಬಾಟನ್ನು ಓಡಿಸಿ ನೋಡಲು ರೋಸ್ 2 ಮತ್ತು ಗೆಜೀಬೊ ಬಳಸುತ್ತೇನೆ. ಇವಕ್ಕೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04 ಹಾಕಿಕೊಳ್ಳುವುದೇ ನೇರ ದಾರಿ. ಇರುವುದು ಒಂದೇ ಲ್ಯಾಪ್‌ಟಾಪ್: ನಾಲ್ಕು ಕೋರ್‌ಗಳ ಪ್ರೊಸೆಸರ್, 8 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ. ಮೊದಲ ಹತ್ತು ತಿಂಗಳು ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್ ಹಾಕಿ ಅದರಲ್ಲಿ ಉಬುಂಟು ನಡೆಸಿದೆ. ನಂತರದ ಹದಿನಾಲ್ಕು ತಿಂಗಳು ಡ್ಯುಯಲ್ ಬೂಟ್ ಇಟ್ಟುಕೊಂಡಿದ್ದೆ, ಎಂದರೆ ಎರಡನ್ನೂ ಡಿಸ್ಕಿಗೆ ಹಾಕಿ, ಪ್ರತಿ ಸಲ ಬೇಕಾದುದನ್ನು ಆರಿಸಿ ಆರಂಭಿಸುತ್ತಿದ್ದೆ. ಮೆಮೊರಿಯನ್ನು 16 ಜಿಬಿಗೆ ಏರಿಸಿದ ಮೇಲೆ, ಈಗ ಆರು ತಿಂಗಳಿಂದ, ಎರಡನ್ನೂ ಬಳಸುತ್ತಿದ್ದೇನೆ.

ವರ್ಚುವಲ್ ಮೆಷಿನ್‌ನಿಂದ ಆರಂಭಿಸಿದ್ದಕ್ಕೆ ಇಂದಿಗೂ ಬೇಸರವಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಮಾಡಬೇಕಾಗಿದ್ದುದು ಸಣ್ಣ ಸಿ ಪ್ರೋಗ್ರಾಂಗಳು ಮತ್ತು ಶೆಲ್‌ನ ಅಭ್ಯಾಸ ಮಾತ್ರ. ಅಷ್ಟಕ್ಕೆ 4 ಜಿಬಿ ಮೆಮೊರಿ ಕೊಟ್ಟ ವರ್ಚುವಲ್ ಮೆಷಿನ್ ಧಾರಾಳವಾಗಿ ಸಾಕಾಗುತ್ತಿತ್ತು. ಲಿನಕ್ಸ್ ಹೊಸದಾಗಿದ್ದಾಗ ಅದನ್ನು ಕೆಡಿಸಿಕೊಳ್ಳುವುದು ಸಹಜ, ಮತ್ತು ನಾನು ಎರಡು ಬಾರಿ ಪ್ಯಾಕೇಜುಗಳ ಅವಲಂಬನೆಗಳನ್ನು ಸಿಕ್ಕುಗಟ್ಟಿಸಿ ಚಿತ್ರಪರದೆಯೇ ಬಾರದಂತೆ ಮಾಡಿಕೊಂಡೆ. ಎರಡೂ ಸಲ ಹಿಂದಿನ ದಿನ ತೆಗೆದಿಟ್ಟ ಸ್ನ್ಯಾಪ್‌ಶಾಟಿಗೆ ಒಂದೆರಡು ನಿಮಿಷದಲ್ಲಿ ಮರಳಿದೆ. ಡ್ಯುಯಲ್ ಬೂಟ್‌ನಲ್ಲಿ ಇದೇ ತಪ್ಪು ಇಡೀ ಒಂದು ಸಂಜೆಯನ್ನು ನುಂಗುತ್ತಿತ್ತು.

ತೊಂದರೆ ಶುರುವಾದದ್ದು ರೋಬಾಟಿನ ಕೆಲಸ ಬಂದಾಗ. ಹತ್ತಾರು ಸಿ++ ಪ್ಯಾಕೇಜುಗಳಿದ್ದ ಒಂದು ವರ್ಕ್‌ಸ್ಪೇಸನ್ನು `colcon build` ಎಂದು ಕಂಪೈಲ್ ಮಾಡಲು ಬಿಟ್ಟರೆ ಅರ್ಧದಾರಿಯಲ್ಲಿ ಈ ಸಾಲು ಬರುತ್ತಿತ್ತು:

```
c++: fatal error: Killed signal terminated program cc1plus
```

ಇದನ್ನು ನೋಡಿ ಕೋಡಿನಲ್ಲಿ ತಪ್ಪು ಹುಡುಕುತ್ತಾ ಎರಡು ದಿನ ಕಳೆದೆ. ಕೋಡಿನಲ್ಲಿ ತಪ್ಪಿರಲಿಲ್ಲ. ಟೆಂಪ್ಲೇಟುಗಳು ಹೆಚ್ಚಿರುವ ಸಿ++ ಕಡತವೊಂದನ್ನು ಕಂಪೈಲ್ ಮಾಡಲು ಒಂದೊಂದು `cc1plus` ಪ್ರಕ್ರಿಯೆಗೂ ಸುಮಾರು 1 ಜಿಬಿ ಮೆಮೊರಿ ಬೇಕಾಗಬಹುದು. ನಾಲ್ಕು ಕೋರ್ ಕೊಟ್ಟಿದ್ದರಿಂದ ನಾಲ್ಕಾರು ಪ್ರಕ್ರಿಯೆಗಳು ಒಟ್ಟಿಗೆ ಎದ್ದು, ವರ್ಚುವಲ್ ಮೆಷಿನ್‌ಗೆ ಕೊಟ್ಟಿದ್ದ 4 ಜಿಬಿಯನ್ನೂ ಮುಗಿಸಿ, ಕೊನೆಗೆ ಲಿನಕ್ಸ್ ಕರ್ನಲ್ ತಾನೇ ಅವುಗಳಲ್ಲೊಂದನ್ನು ಕೊಲ್ಲುತ್ತಿತ್ತು. ಅನುಮಾನವಿದ್ದವರು `sudo dmesg` ಎಂದು ಕೊಟ್ಟು ಕೊನೆಯ ಸಾಲುಗಳನ್ನು ನೋಡಬೇಕು. ಅಲ್ಲಿ `Out of memory: Killed process` ಎಂದಿದ್ದರೆ ಕಾರಣ ಇದೇ. ಸಮಾನಾಂತರ ಕೆಲಸವನ್ನು ನಿಲ್ಲಿಸಿದಾಗ ಕಂಪೈಲ್ ಮುಗಿಯಿತು:

```
MAKEFLAGS="-j1" colcon build --executor sequential
```

ಮುಗಿಯಿತು ಎಂಬುದೇನೋ ನಿಜ, ಆದರೆ ನಲವತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಹಾಗಾದರೆ ಮೆಮೊರಿಯನ್ನೇ ಹೆಚ್ಚಿಸೋಣವೆಂದು 5.5 ಜಿಬಿ ಕೊಟ್ಟು ನೋಡಿದೆ. ಆಗ ವಿಂಡೋಸ್‌ಗೆ ಉಳಿದದ್ದು ಅದರ ಸ್ವಂತ ಬಳಕೆಗೂ ಸಾಲದೆ, ಅದು ಎಸ್‌ಎಸ್‌ಡಿಯ ಮೇಲೆ ಪುಟಗಳನ್ನು ಬರೆಯತೊಡಗಿ, ಮೌಸ್ ಕೂಡ ತಡೆತಡೆದು ಚಲಿಸುವಂತಾಯಿತು. 8 ಜಿಬಿಯ ಯಂತ್ರದಲ್ಲಿ ಎರಡು ಸಂಸಾರಗಳಿಗೆ ಒಂದೇ ಒಲೆ ಎಂಬಂಥ ಸ್ಥಿತಿ ಇದು, ಯಾವ ಸೆಟ್ಟಿಂಗೂ ಅದನ್ನು ನಿಜವಾಗಿ ಸರಿಪಡಿಸುವುದಿಲ್ಲ.

ಮೆಮೊರಿಯ ಕೊರತೆ ಒಂದು ಕಡೆಯಾದರೆ ಗೆಜೀಬೊದ ಕಥೆಯೇ ಬೇರೆ. ವರ್ಚುವಲ್‌ಬಾಕ್ಸ್ ಒಳಗಿನ ಉಬುಂಟುವಿಗೆ ಸಿಗುವುದು ಲ್ಯಾಪ್‌ಟಾಪಿನ ನಿಜವಾದ ಗ್ರಾಫಿಕ್ಸ್ ಚಿಪ್ ಅಲ್ಲ, ಅದರ ಬದಲಿಗೆ ನಿಂತ ಒಂದು ಕೃತಕ ಡಿಸ್‌ಪ್ಲೇ ಮಾತ್ರ. ಗೆಜೀಬೊ ಪರದೆಯ ಕೆಳಗೆ `Real Time Factor` ಎಂಬ ಸಂಖ್ಯೆ ಕಾಣುತ್ತದೆ. ಅದು 1 ಇದ್ದರೆ ಸಿಮ್ಯುಲೇಷನ್ನಿನ ಒಂದು ಸೆಕೆಂಡಿಗೆ ನಮ್ಮ ಒಂದು ಸೆಕೆಂಡ್ ಹಿಡಿಯುತ್ತದೆ ಎಂದರ್ಥ. ಕ್ಯಾಮೆರಾ ಇರುವ ರೋಬಾಟನ್ನು ಹಾಕಿದ ಕೂಡಲೇ ನನ್ನಲ್ಲಿ ಅದು 0.3ರ ಆಸುಪಾಸಿಗೆ ಇಳಿಯುತ್ತಿತ್ತು. ಒಂದು ನಿಮಿಷದ ಓಟ ನೋಡಲು ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕಾಗಿತ್ತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ, ವರ್ಚುವಲ್ ಮೆಷಿನ್‌ಗಳನ್ನು ನಡೆಸುವ ವಿಂಡೋಸ್‌ನ ಸ್ವಂತ ಹೈಪರ್‌ವೈಸರ್ ಈಗಾಗಲೇ ಚಾಲ್ತಿಯಲ್ಲಿದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ಕುಳಿತು ನಿಧಾನವಾಗಿ ನಡೆಯುತ್ತಿದೆ ಎಂದು ತಿಳಿಯಬೇಕು. ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ 2 ಹಾಕಿಕೊಂಡಿದ್ದರೂ, ಸುರಕ್ಷತೆಯ ವಿಭಾಗದಲ್ಲಿ `Memory integrity` ಆನ್ ಇದ್ದರೂ ಹೀಗಾಗುತ್ತದೆ. ಅದನ್ನು ಆಫ್ ಮಾಡಿದರೆ ವೇಗ ಹೆಚ್ಚುತ್ತದೆ, ಆದರೆ ಒಂದು ರಕ್ಷಣೆಯನ್ನು ಕಳೆದುಕೊಂಡಂತೆಯೂ ಆಗುತ್ತದೆ. ನಾನು ಆಮೆಯನ್ನೇ ಸಹಿಸಿಕೊಂಡೆ.

ಹತ್ತು ತಿಂಗಳ ನಂತರ ಡ್ಯುಯಲ್ ಬೂಟ್‌ಗೆ ಬದಲಾದೆ. ಅಳವಡಿಸುವ ಕೆಲಸ ನಾನು ಹೆದರಿದ್ದಷ್ಟು ಕಠಿಣವಾಗಿರಲಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು 120 ಜಿಬಿಯಷ್ಟು ಕುಗ್ಗಿಸಿ, ಆ ಖಾಲಿ ಜಾಗದಲ್ಲಿ ಉಬುಂಟು ಹಾಕಿದೆ. ಬಿಟ್‌ಲಾಕರ್ ಮಾತ್ರ ಮೊದಲೇ ಗಮನಿಸಬೇಕಾದ ವಿಷಯ: ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದು ಬೂಟ್ ವ್ಯವಸ್ಥೆ ಬದಲಾದರೆ, ಮುಂದಿನ ಬಾರಿ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಟರ್ಮಿನಲ್‌ನಲ್ಲಿ `manage-bde -protectors -get C:` ಎಂದು ಕೊಟ್ಟರೆ ಆ ಕೀ ಕಾಣುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಂಡ ನಂತರವೇ ನಾನು ಮುಂದುವರಿದೆ, ಮತ್ತು ಒಮ್ಮೆ ಅದು ಬೇಕಾಗಿಯೂ ಬಂತು.

ಫಲ ಕಣ್ಣಿಗೆ ಕಾಣುವಂತಿತ್ತು. ಅದೇ ವರ್ಕ್‌ಸ್ಪೇಸ್ ಯಾವ ಮಿತಿಯನ್ನೂ ಹೇರದೆ ಹನ್ನೆರಡು ನಿಮಿಷದೊಳಗೆ ಕಂಪೈಲ್ ಆಯಿತು, ಗೆಜೀಬೊದ ಸಂಖ್ಯೆ 1ರ ಹತ್ತಿರವೇ ನಿಂತಿತು. ಆದರೆ ಎರಡು ವ್ಯವಸ್ಥೆಗಳ ನಡುವೆ ಕಡತಗಳನ್ನು ಹಂಚಿಕೊಳ್ಳಲು ವಿಂಡೋಸ್‌ನ ಕಡತವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಒಂದು ವಿಭಾಗ ಮಾಡಿಕೊಂಡಿದ್ದೆ. ಡ್ಯುಯಲ್ ಬೂಟ್‌ನ ಪಾಠಗಳೆಲ್ಲ ನನಗೆ ಆದದ್ದು ಅಲ್ಲಿ.

ಕೆಲವು ದಿನ ಲಿನಕ್ಸ್‌ನಲ್ಲಿ ಆ ವಿಭಾಗಕ್ಕೆ ಏನನ್ನು ಬರೆಯಲು ಹೋದರೂ `Read-only file system` ಎಂದು ಬರುತ್ತಿತ್ತು, ಕೆಲವು ದಿನ ಎಲ್ಲವೂ ಸರಿಯಿರುತ್ತಿತ್ತು. ಈ ಏರುಪೇರಿಗೆ ಕಾರಣ ವಿಂಡೋಸ್‌ನಿಂದ ನಾನು ಹೊರಬಂದ ರೀತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಶಟ್‌ಡೌನ್ ಎಂದರೆ ವಿಂಡೋಸ್ ಪೂರ್ತಿ ಆರುವುದಿಲ್ಲ. ತನ್ನ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಅರೆನಿದ್ರೆಗೆ ಹೋಗುತ್ತದೆ, ಡ್ರೈವುಗಳನ್ನು ಇನ್ನೂ ತೆರೆದಿರುವಂತೆಯೇ ಬಿಡುತ್ತದೆ. ಅಂಥ ವಿಭಾಗಕ್ಕೆ ಬರೆದರೆ ಕಡತವ್ಯವಸ್ಥೆ ಕೆಡುವುದರಿಂದ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ. ರೀಸ್ಟಾರ್ಟ್ ಒತ್ತಿದರೆ ಹೀಗಾಗುವುದಿಲ್ಲ, ಏಕೆಂದರೆ ಆಗ ವಿಂಡೋಸ್ ಸಂಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಅಡ್ಮಿನಿಸ್ಟ್ರೇಟರ್ ಟರ್ಮಿನಲ್‌ನಲ್ಲಿ `powercfg /h off` ಎಂದು ಕೊಟ್ಟ ದಿನದಿಂದ ಈ ಕಾಟ ಮತ್ತೆ ಬಂದಿಲ್ಲ.

ಗಡಿಯಾರದ ತೊಂದರೆ ಇದಕ್ಕಿಂತ ಕಪಟವಾದದ್ದು. ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಲಿನಕ್ಸ್‌ನಲ್ಲಿ ರೋಬಾಟಿನ ಕೋಡನ್ನು ಕಂಪೈಲ್ ಮಾಡಿ, ಆರು ಗಂಟೆಗೆ ವಿಂಡೋಸ್‌ಗೆ ಬಂದು ಚಕ್ರದ ತ್ರಿಜ್ಯವನ್ನು 33 ಮಿಲಿಮೀಟರಿನಿಂದ 40ಕ್ಕೆ ಬದಲಿಸಿದೆ, ಹಂಚಿಕೆಯ ವಿಭಾಗದಲ್ಲಿದ್ದ ಕೋಡಿನಲ್ಲೂ ಆ ಸಂಖ್ಯೆಯನ್ನು ತಿದ್ದಿದೆ. ಲಿನಕ್ಸ್‌ಗೆ ಮರಳಿ, ಹೊಸ ಚಕ್ರವನ್ನು ಸಿಮ್ಯುಲೇಷನ್ನಿಗೆ ಹಾಕಿ ಕಂಪೈಲ್ ಮಾಡಿದಾಗ ಅದು ಕ್ಷಣದಲ್ಲಿ ಮುಗಿಯಿತು, ಯಾವ ದೋಷವೂ ಬರಲಿಲ್ಲ. ಆದರೆ ಒಂದು ಮೀಟರ್ ಸಾಗಬೇಕಾದ ರೋಬಾಟ್ 1.21 ಮೀಟರ್ ಹೋಯಿತು. 40ನ್ನು 33ರಿಂದ ಭಾಗಿಸಿದರೆ ಬರುವುದು 1.21, ಎಂದರೆ ಚಕ್ರ ಹೊಸದು, ಕೋಡು ಮಾತ್ರ ಹಳೆಯದು.

`ls -l` ಕೊಟ್ಟು ನೋಡಿದಾಗ ನಾನು ಆರು ಗಂಟೆಗೆ ತಿದ್ದಿದ್ದ ಕಡತದ ಸಮಯ ಮಧ್ಯಾಹ್ನ 12:30 ಎಂದಿತ್ತು. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಸಮಯವನ್ನು ಇಡುತ್ತದೆ. ವಿಂಡೋಸ್ ಅದೇ ಸಂಖ್ಯೆಯನ್ನು ಸ್ಥಳೀಯ ಸಮಯವೆಂದು ಓದುತ್ತದೆ. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಸಮಯವಲಯದಲ್ಲಿ ವಿಂಡೋಸ್ ಅಷ್ಟೇ ಹಿಂದುಳಿಯುತ್ತದೆ. ಸಾಮಾನ್ಯವಾಗಿ ಇಂಟರ್ನೆಟ್ ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಅದು ತನ್ನನ್ನು ತಿದ್ದಿಕೊಳ್ಳುತ್ತದೆ, ಅಂದು ಸಂಪರ್ಕವಿರಲಿಲ್ಲ. ಕಂಪೈಲ್ ಕೆಲಸವನ್ನು ಒಳಗೆ ನಡೆಸುವ `make` ನೋಡುವುದು ಕಡತಗಳ ಸಮಯವನ್ನಷ್ಟೇ. ನಾಲ್ಕು ಗಂಟೆಗೆ ಕಂಪೈಲ್ ಆದದ್ದಕ್ಕಿಂತ 12:30ರ ಕೋಡು ಹಳೆಯದೆಂದು ಅದು ತೀರ್ಮಾನಿಸಿ ಸುಮ್ಮನಾಗಿತ್ತು. ಪರದೆಯ ಮೂಲೆಯಲ್ಲಿ ತಪ್ಪು ಸಮಯ ಕಾಣುತ್ತಿದ್ದುದನ್ನು ನಾನು ವಾರಗಳಿಂದ ಬಲ್ಲೆ, ಚಿಕ್ಕ ಕಿರಿಕಿರಿ ಎಂದು ಬಿಟ್ಟಿದ್ದೆ. ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಬಳಸುವಂತೆ ಈ ಆದೇಶ ಮಾಡುತ್ತದೆ:

```
timedatectl set-local-rtc 1
```

ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ಬದಲಿಸುವ ಸಮಯವಲಯಗಳಲ್ಲಿ ಇದು ಬೇರೆ ಗೊಂದಲಕ್ಕೆ ಎಡೆಮಾಡುತ್ತದೆ, ಹಾಗೆಂಬ ಎಚ್ಚರಿಕೆ ಆಮೇಲೆ `timedatectl` ಎಂದಷ್ಟೇ ಕೊಟ್ಟಾಗ ಕಾಣುತ್ತದೆ. ನನಗೆ ಆ ಸಮಸ್ಯೆ ಇಲ್ಲ.

ಇವೆಲ್ಲ ಒಮ್ಮೆ ಸರಿಪಡಿಸಿದರೆ ಮುಗಿಯುವಂಥವು. ಮುಗಿಯದೆ ಉಳಿದದ್ದು ಅತ್ತಿಂದಿತ್ತ ಓಡಾಟ. ಒಂದು ಬ್ರ್ಯಾಕೆಟ್ಟಿನ ರಂಧ್ರವನ್ನು ಸಾಲಿಡ್‌ವರ್ಕ್ಸ್‌ನಲ್ಲಿ ಸ್ವಲ್ಪ ಸರಿಸಿ, ಎಸ್‌ಟಿಎಲ್ ಕಡತ ಮಾಡಿ, ರೀಸ್ಟಾರ್ಟ್ ಮಾಡಿ, ಗೆಜೀಬೊದಲ್ಲಿ ಚಕ್ರ ಇನ್ನೂ ತಾಗುತ್ತಿರುವುದನ್ನು ಕಂಡು, ಮತ್ತೆ ರೀಸ್ಟಾರ್ಟ್ ಮಾಡಬೇಕು. ಬೂಟ್ ಆಗಲು ಒಂದು ನಿಮಿಷ ಸಾಕು. ಆದರೆ ನಾಲ್ಕು ಟರ್ಮಿನಲ್ ತೆರೆದು, ರೋಸ್‌ನ ನೋಡ್‌ಗಳನ್ನು ಒಂದೊಂದಾಗಿ ಎಬ್ಬಿಸಿ, ಎಲ್ಲಿ ಬಿಟ್ಟಿದ್ದೆ ಎಂದು ನೆನಪಿಸಿಕೊಳ್ಳುವ ಹೊತ್ತಿಗೆ ಆರೇಳು ನಿಮಿಷವಾಗುತ್ತದೆ. ಒಂದು ಸಂಜೆ ಹೀಗೆ ಒಂಬತ್ತು ಬಾರಿ ಮಾಡಿದ ಮೇಲೆ, ಮರುದಿನವೇ ಮೆಮೊರಿ ಹೆಚ್ಚಿಸಲು ನಿರ್ಧರಿಸಿದೆ.

ಈಗಿನ ಏರ್ಪಾಡು ಹೀಗಿದೆ. ಭಾಗಗಳನ್ನು ತಿದ್ದಿ ತಿದ್ದಿ ನೋಡುವ ದಿನಗಳಲ್ಲಿ ವಿಂಡೋಸ್‌ನಲ್ಲೇ ಇದ್ದು, 7 ಜಿಬಿ ಕೊಟ್ಟ ವರ್ಚುವಲ್ ಮೆಷಿನ್‌ನಲ್ಲಿ ಕ್ಯಾಮೆರಾ ಇಲ್ಲದ ಸರಳ ಮಾದರಿಯನ್ನು ಓಡಿಸುತ್ತೇನೆ; ಗೆಜೀಬೊದ ಸಂಖ್ಯೆ 0.6ರಷ್ಟಿದ್ದರೂ ಚಕ್ರ ತಾಗುತ್ತದೆಯೇ ಎಂದು ನೋಡಲು ಅಷ್ಟು ಸಾಕು. ಪೂರ್ಣ ಸಿಮ್ಯುಲೇಷನ್, ದೊಡ್ಡ ಕಂಪೈಲ್, ನಿಜವಾದ ರೋಬಾಟಿನ ಜೋಡಣೆ ಇವೆಲ್ಲ ಡ್ಯುಯಲ್ ಬೂಟ್‌ನ ಲಿನಕ್ಸ್‌ನಲ್ಲಿ ನಡೆಯುತ್ತವೆ. ಕೋಡು ಈಗ ಹಂಚಿಕೆಯ ವಿಭಾಗದಲ್ಲಿಲ್ಲ, ಎರಡು ಕಡೆಗೂ ಗಿಟ್ ಮೂಲಕ ಹೋಗುತ್ತದೆ. ಡಿಸ್ಕಿನಲ್ಲಿರುವ ಲಿನಕ್ಸ್ ವಿಭಾಗವನ್ನೇ ವರ್ಚುವಲ್‌ಬಾಕ್ಸ್ ಒಳಗಿಂದಲೂ ಬೂಟ್ ಮಾಡಬಹುದು, ಆದರೆ ಬೇರೊಂದು ವಿಭಾಗ ತಪ್ಪಿ ಅದರ ಕೈಗೆ ಸಿಕ್ಕರೆ ಎರಡು ವ್ಯವಸ್ಥೆಗಳು ಒಂದೇ ಜಾಗಕ್ಕೆ ಬರೆಯುತ್ತವೆ. ಆ ಸಾಹಸಕ್ಕೆ ನಾನು ಹೋಗಿಲ್ಲ. ಲಿನಕ್ಸ್ ಮೇಲೆ ವಿಂಡೋಸನ್ನು ವರ್ಚುವಲ್ ಮೆಷಿನ್ ಆಗಿ ಇಡುವುದು ನನಗೆ ಒಗ್ಗಲಿಲ್ಲ, ಏಕೆಂದರೆ ಗೆಜೀಬೊಗೆ ಆದ ಗತಿಯೇ ಅಲ್ಲಿ ಸಾಲಿಡ್‌ವರ್ಕ್ಸ್‌ಗೆ ಆಗುತ್ತದೆ.

ಉಳಿದಿರುವ ಒಂದು ತಕರಾರು ಜಾಗದ್ದು. ವರ್ಚುವಲ್ ಡಿಸ್ಕಿನ ಕಡತ ಬೆಳೆಯುತ್ತದೆಯೇ ಹೊರತು, ಒಳಗೆ ಅಳಿಸಿದಾಗ ತಾನಾಗಿ ಕುಗ್ಗುವುದಿಲ್ಲ. ಉಬುಂಟು ಒಳಗೆ 22 ಜಿಬಿ ಮಾತ್ರ ಬಳಕೆಯಲ್ಲಿದ್ದಾಗ ನನ್ನ ಕಡತ 51 ಜಿಬಿ ಮುಟ್ಟಿತ್ತು. ಸ್ನ್ಯಾಪ್‌ಶಾಟುಗಳನ್ನು ತೆಗೆದುಹಾಕಿ, ಒಳಗಿನ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಿ, ಮೆಷಿನ್ ಆರಿಸಿ, ಹೊರಗಿನಿಂದ `VBoxManage modifymedium disk ubuntu.vdi --compact` ಎಂದು ಕೊಟ್ಟರೆ ಅದು ಕುಗ್ಗುತ್ತದೆ. ಸೆಮಿಸ್ಟರ್ ಮುಗಿದಾಗಲೊಮ್ಮೆ ಇದನ್ನು ಮಾಡುತ್ತೇನೆ.