ಕ್ಯಾನನ್ ಎಲ್‌ಪಿ-ಇ6ಎನ್‌ಎಚ್ ಬ್ಯಾಟರಿ ಮತ್ತು ಜೊತೆಗೆ ಕೊಂಡ ಎರಡು ಅಗ್ಗದ ಬ್ಯಾಟರಿಗಳು: ಕಲಬುರಗಿ ಬಿಸಿಲಿನಲ್ಲಿ ಮೂರು ವರ್ಷ

ನಾನು ಮದುವೆ ಫೋಟೋಗ್ರಾಫರ್. ಕ್ಯಾಮೆರಾ ಕ್ಯಾನನ್ ಆರ್6, ಊರು ಕಲಬುರಗಿ. ಅದಕ್ಕೆ ಒಂದು ಒರಿಜಿನಲ್ ಬ್ಯಾಟರಿ, ಜೊತೆಗೆ ಬೇರೆ ಕಂಪನಿಯ ಎರಡು ಬ್ಯಾಟರಿ ಇಟ್ಟುಕೊಂಡು ಮೂರು ವರ್ಷ ದುಡಿದಿದ್ದೇನೆ. ಒರಿಜಿನಲ್ ಇನ್ನೂ ಚೆನ್ನಾಗಿದೆ. ಅಗ್ಗದ ಎರಡರಲ್ಲಿ ಒಂದು ಉಬ್ಬಿಕೊಂಡಿತು, ಇನ್ನೊಂದನ್ನು ಈಗ ಮನೆಯಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಮಾತ್ರ ಬಳಸುತ್ತೇನೆ.

ಮೊದಲು ಆ ದೊಡ್ಡ ನಂಬರಿನ ವಿಷಯ. ಒರಿಜಿನಲ್ ಮೇಲೆ 7.2 ವೋಲ್ಟ್, 2130 ಎಂಎಎಚ್ ಎಂದಿದೆ. ಅಗ್ಗದ್ದರ ಮೇಲೆ 2650. ಅದೇ ಗಾತ್ರ, ಕಾಲು ಭಾಗ ಬೆಲೆ, ಆದರೂ ಜಾಸ್ತಿ ಶಕ್ತಿ ಹೇಗೆ ಅಲ್ವಾ? ಅದರ ಜೊತೆ ಬಂದ ಯುಎಸ್‌ಬಿ ಚಾರ್ಜರಿಗೆ ಒಂದು ಮೀಟರ್ ಸಿಕ್ಕಿಸಿ, ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ತುಂಬಿಸಿ ನೋಡಿದೆ. ಮೀಟರ್ ಸುಮಾರು 2600 ಎಂಎಎಚ್ ತೋರಿಸಿತು. ಇದನ್ನು ನೋಡಿ ಲೇಬಲ್ ನಿಜ ಅನ್ನಬೇಡಿ, ಏಕೆಂದರೆ ಆ ಲೆಕ್ಕ ಯುಎಸ್‌ಬಿಯ 5 ವೋಲ್ಟಿನದು, ಬ್ಯಾಟರಿ ಇರುವುದು 7.2 ವೋಲ್ಟಿನಲ್ಲಿ. 2600ನ್ನು 5ರಿಂದ ಗುಣಿಸಿದರೆ 13 ವಾಟ್-ಅವರ್. ಚಾರ್ಜ್ ಆಗುವಾಗ ಬಿಸಿಯಾಗಿ ಒಂದಿಷ್ಟು ಹೋಗುತ್ತದೆ, ಅದನ್ನು ಶೇಕಡಾ 15 ಎಂದುಕೊಂಡರೆ ಉಳಿಯುವುದು 11. ಅದನ್ನು 7.2ರಿಂದ ಭಾಗಿಸಿ, ಸುಮಾರು 1500 ಎಂಎಎಚ್ ಬರುತ್ತದೆ. ಮುಹೂರ್ತದ ಹೊತ್ತಿನಲ್ಲಿ ಇದು ಬೇಗ ಕೈಕೊಡುತ್ತಿದ್ದುದು ಯಾಕೆ ಎಂದು ಗೊತ್ತಾಯಿತಲ್ಲ.

ಇನ್ನೊಂದು ತೊಂದರೆ, ಅರ್ಧ ಇದೆ ಎಂದು ತೋರಿಸುತ್ತಾ ಇದ್ದಕ್ಕಿದ್ದಂತೆ ಆಫ್ ಆಗುವುದು. ಎಷ್ಟು ಉಳಿದಿದೆ ಎಂದು ಬ್ಯಾಟರಿಯೊಳಗಿನ ಚಿಪ್ ಕ್ಯಾಮೆರಾಗೆ ಹೇಳಬೇಕು, ಅಗ್ಗದ್ದರಲ್ಲಿ ಆ ಲೆಕ್ಕವೇ ಸರಿ ಇರುವುದಿಲ್ಲ. ಒರಿಜಿನಲ್ ಹಾಕಿದಾಗ ಮೆನುವಿನ Battery info ತೆರೆದರೆ Recharge performance ಎಂದು ಮೂರು ಚೌಕ ಕಾಣುತ್ತವೆ. ಮೂರೂ ಹಸಿರಿದ್ದರೆ ಚೆನ್ನಾಗಿದೆ, ಒಂದೇ ಉಳಿದು ಕೆಂಪಾದರೆ ಹೊಸದು ಕೊಳ್ಳುವ ಕಾಲ. ನನ್ನದು ಈಗ ಎರಡಕ್ಕೆ ಇಳಿದಿದೆ.

ಹಾಗಂತ ಬೇಗ ಇಳಿದರೆ ಸುಮ್ನೆ ಬ್ಯಾಟರಿಯನ್ನೇ ಬೈಯಬೇಡಿ. ವೈಫೈ, ಬ್ಲೂಟೂತ್ ಆನ್ ಇದ್ದು, ಊಟದ ಹೊತ್ತಿನಲ್ಲೂ ಸ್ಕ್ರೀನ್ ಉರಿಯುತ್ತಿದ್ದರೆ ಒರಿಜಿನಲ್ ಕೂಡ ಬೇಗ ಖಾಲಿಯಾಗುತ್ತದೆ.

ಈಗ ಉಬ್ಬಿದ ಕಥೆ. ಈ ಪ್ಯಾಕ್ ಒಳಗೆ ಎರಡು ಸೆಲ್ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಎರಡೂ ಸಮನಾಗಿಲ್ಲದಿದ್ದರೆ, ಅದನ್ನು ಸರಿದೂಗಿಸುವ ಸರ್ಕ್ಯೂಟೂ ಇಲ್ಲದಿದ್ದರೆ, ಒಂದು ಸೆಲ್ ಪ್ರತಿ ಸಲ ಮೊದಲೇ ತುಂಬಿ ಮಿತಿಗಿಂತ ಹೆಚ್ಚು ಚಾರ್ಜ್ ಆಗುತ್ತದೆ. ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತದೆ, ಆ ಗ್ಯಾಸೇ ಉಬ್ಬಿಸುವುದು. ಬಿಸಿ ಸೇರಿದರೆ ಇನ್ನೂ ಬೇಗ. ಕ್ಯಾನನ್ ಚಾರ್ಜರ್ ಬಳಸಬೇಕಾದದ್ದು 5ರಿಂದ 40 ಡಿಗ್ರಿ ಒಳಗೆ, ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ನೆರಳಲ್ಲೇ 40 ದಾಟುತ್ತದೆ! ನಿಲ್ಲಿಸಿದ ಕಾರಿನೊಳಗೆ ಎಷ್ಟಿರಬಹುದು ನೀವೇ ಯೋಚಿಸಿ. ಕಲ್ಯಾಣ ಮಂಟಪದ ಅಡುಗೆಮನೆ ಪಕ್ಕದ ಪ್ಲಗ್ಗೂ ಬೇಡ.

ಉಬ್ಬುವುದು ಮೊದಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ನನ್ನದು ಮೊದಲು ಲಾಕ್ ಬಿಟ್ಟ ತಕ್ಷಣ ಹೊರಗೆ ಬರುತ್ತಿತ್ತು, ಆಮೇಲೆ ಉಗುರಿನಿಂದ ಎಳೆಯಬೇಕಾಯಿತು. ಗಾಜಿನ ಟೀಪಾಯಿ ಮೇಲೆ ಮಲಗಿಸಿ ಮೂಲೆ ಒತ್ತಿದರೆ ಅಲುಗಾಡಿತು, ಅಂದರೆ ನಡುವೆ ಹೊಟ್ಟೆ ಬಂದಿದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಒಮ್ಮೆ ಬಳಸಿ ನೋಡೋಣ ಅನ್ನುವುದು ಬೇಡವೇ ಬೇಡ. ಚುಚ್ಚಬೇಡಿ, ಒತ್ತಿ ಸಮ ಮಾಡಲು ಹೋಗಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ನಾನು ಬ್ಯಾಟರಿಯ ಲೋಹದ ಕಾಂಟ್ಯಾಕ್ಟ್‌ಗಳಿಗೆ ಟೇಪ್ ಅಂಟಿಸಿ, ಒಣ ಮರಳಿನ ಡಬ್ಬಿಯಲ್ಲಿಟ್ಟು ಮನೆಯ ಹೊರಗಿಟ್ಟೆ, ಆಮೇಲೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆ. ಕ್ಯಾಮೆರಾದೊಳಗೇ ಸಿಕ್ಕಿಕೊಂಡರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹಾಗೇ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಚಾರ್ಜ್ ಮಾಡುವುದು ಈಗ ಕೆಲಸದ ಹಿಂದಿನ ಸಂಜೆ, ತಂಪಾದ ಕೋಣೆಯಲ್ಲಿ, ಹಾಸಿಗೆ ಮೇಲಲ್ಲ, ಕಲ್ಲಿನ ಕಟ್ಟೆ ಮೇಲೆ. ಶೂಟ್ ಮುಗಿಸಿ ಬಂದ ಬ್ಯಾಟರಿ ಬಿಸಿ ಆರಿದ ಮೇಲೇ ಚಾರ್ಜರಿಗೆ. ಖಾಲಿಯಾದ ಒರಿಜಿನಲ್ ತುಂಬಲು ಸುಮಾರು ಎರಡೂವರೆ ಗಂಟೆ ಬೇಕು, ಹಸಿರು ದೀಪ ಬಂದರೆ ತೆಗೆದುಬಿಡುತ್ತೇನೆ. ಚಾರ್ಜ್ ಆಗುವಾಗ ಕಿತ್ತಳೆ ದೀಪ ಮಿಟುಕುವುದು ಸಹಜ, ಆದರೆ ನಿಲ್ಲದೆ ಒಂದೇ ಸಮನೆ ಬೇಗಬೇಗ ಮಿಟುಕಿದರೆ ಏನೋ ತೊಂದರೆ ಇದೆ ಎಂದರ್ಥ, ತಕ್ಷಣ ಪ್ಲಗ್ ತೆಗೆಯಿರಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಗ ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯೂ ಮಾಡದೆ ಅರ್ಧದಷ್ಟು ಇಟ್ಟು, ಕ್ಯಾಮೆರಾದಿಂದ ಹೊರತೆಗೆದು ಮುಚ್ಚಳ ಹಾಕಿಡುತ್ತೇನೆ.

ಒರಿಜಿನಲ್‌ಗೆ ಐದರಲ್ಲಿ ನಾಲ್ಕೂವರೆ, ಬೆಲೆಗಾಗಿ ಅರ್ಧ ಕಡಿಮೆ. ಅಗ್ಗದ್ದಕ್ಕೆ ಒಂದು. ಬೇರೆ ಕಂಪನಿಯವೆಲ್ಲ ಕೆಟ್ಟವು ಅನ್ನುವುದಿಲ್ಲ, ಆದರೆ ಒರಿಜಿನಲ್‌ಗಿಂತ ತುಂಬಾ ದೊಡ್ಡ ನಂಬರ್ ಬರೆದದ್ದನ್ನು ನಾನಂತೂ ಇನ್ನು ಮುಟ್ಟುವುದಿಲ್ಲ.