ಅಡ್ಡ ಲೆಡ್ಜರ್, ಉದ್ದ ಲೆಡ್ಜರ್: ಒಂದೇ ತಿಂಗಳ ಖರ್ಚನ್ನು ಎರಡು ಥರ ಬರೆದು ನೋಡಿದೆ

ನಮ್ಮ ಮನೆಯ ಖರ್ಚಿನ ಚೀಟಿ ಯಾವಾಗಲೂ ಗೊಂದಲವೇ. ಒಂದು ಕಡೆ 1,250/-, ಇನ್ನೊಂದು ಕಡೆ ಸುಮ್ನೆ 640, ಮತ್ತೊಂದು ಕಡೆ 85.50. ಕಳೆದ ತಿಂಗಳ 27 ಸಾಲುಗಳನ್ನು ತೆಗೆದುಕೊಂಡು ಸ್ಪ್ರೆಡ್‌ಶೀಟ್‌ನಲ್ಲಿ ಎರಡು ರೀತಿಯಲ್ಲಿ ಲೆಡ್ಜರ್ ಮಾಡಿದೆ. ತಿಂಗಳ ಮೊದಲು ಕೈಯಲ್ಲಿದ್ದದ್ದು 22,000. ಕೊನೆಗೆ ಉಳಿದದ್ದು 2,110. ಅಂದರೆ ಖರ್ಚು 19,890 ಬರಲೇಬೇಕು. ಎರಡಕ್ಕೂ ಪರೀಕ್ಷೆ ಇದೇ.

ಮೊದಲನೆಯದು ಅಡ್ಡ ಲೆಡ್ಜರ್. ಹಳೇ ಲೆಕ್ಕದ ಪುಸ್ತಕದ ಹಾಗೆ ತಾರೀಕು, ವಿವರ, ಆಮೇಲೆ ಒಂದೊಂದು ಬಾಬಿಗೆ ಒಂದೊಂದು ಕಾಲಂ: ಊಟ, ಬಾಡಿಗೆ-ಬಿಲ್ಲು, ಔಷಧಿ, ಓಡಾಟ. ಪಕ್ಕದಲ್ಲಿ ಸಾಲಿನ ಮೊತ್ತ, ಕೆಳಗೆ ಕಾಲಂ ಮೊತ್ತ. ನೋಡೋಕೆ ಇದೇ ಚೆಂದ. ಒಂದೇ ಬಿಲ್ಲಿನಲ್ಲಿ ದಿನಸಿಯೂ ಔಷಧಿಯೂ ಇದ್ದಾಗ ಒಂದೇ ಸಾಲಿನಲ್ಲಿ ಎರಡೂ ಕೂರುತ್ತವೆ, ಪಕ್ಕದ ಮೊತ್ತ ಬಿಲ್ಲಿಗೆ ಸರಿಯಾಗಿ ಹೊಂದುತ್ತದೆ.

ಅರ್ಧಕ್ಕೆ ಬಂದಾಗ ಶಾಲೆಯ ಖರ್ಚು 1,800 ಸಿಕ್ಕಿತು. ಓಡಾಟದ ಪಕ್ಕ ಹೊಸ ಕಾಲಂ ಹಾಕಿದೆ. ಸಾಲಿನ ಮೊತ್ತದ ಸೂತ್ರ ಮಾತ್ರ ಹಳೇ ನಾಲ್ಕು ಕಾಲಂಗಳಿಗೇ ನಿಂತಿತ್ತು. ಕೆಳಗಿನ ಮೊತ್ತಗಳನ್ನು ಕೂಡಿದರೆ 18,640, ಪಕ್ಕದವನ್ನು ಕೂಡಿದರೆ 16,840. ವ್ಯತ್ಯಾಸ ಸರಿಯಾಗಿ 1,800. ತಪ್ಪು ಎಲ್ಲಿದೆ ಅಂತ ಅದೇ ಹೇಳಿತು. ಸೂತ್ರ ತಿದ್ದಿದೆ, ಎರಡೂ ಕಡೆ 18,640 ಬಂತು. ಖುಷಿಯಾಯಿತು.

ಆದರೆ ಬರಬೇಕಾದದ್ದು 19,890 ಅಲ್ವಾ? 1,250 ಎಲ್ಲಿ ಹೋಯಿತು? ಅದೇ ಆ 1,250/-. ಕೊನೆಯ ಗೆರೆಯನ್ನೂ ಸೇರಿಸಿ ಟೈಪ್ ಮಾಡಿದ್ದರಿಂದ ಶೀಟ್ ಅದನ್ನು ಸಂಖ್ಯೆ ಅಂತ ತೆಗೆದುಕೊಳ್ಳಲಿಲ್ಲ, ಅಕ್ಷರ ಅಂತ ಇಟ್ಟುಕೊಂಡಿತು. `SUM` ಅಂಥ ಕೋಶವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಪಕ್ಕದಲ್ಲೂ ಬಿಟ್ಟಿತು, ಕೆಳಗೂ ಬಿಟ್ಟಿತು. ಹಾಗಾಗಿ ಎರಡೂ ತಪ್ಪು ಮೊತ್ತಗಳು ಒಂದಕ್ಕೊಂದು ಚೆನ್ನಾಗಿ ತಾಳೆಯಾದವು! ಅಡ್ಡ-ಉದ್ದ ತಾಳೆ ನೋಡುವುದು ಕಾಗದದ ಮೇಲೆ ಒಳ್ಳೆಯ ಕಾವಲು. ಶೀಟ್‌ನಲ್ಲಿ ಈ ಒಂದು ತಪ್ಪನ್ನು ಅದು ಹಿಡಿಯುವುದಿಲ್ಲ.

ಇದನ್ನು ಹಿಡಿಯುವುದು ತುಂಬಿದ ಕೋಶಗಳಲ್ಲಿ ಸಂಖ್ಯೆ ಅಲ್ಲದವು ಎಷ್ಟು ಅಂತ ಎಣಿಸುವ ಸೂತ್ರ:

```
=COUNTA(C2:G28)-COUNT(C2:G28)
```

ಸೊನ್ನೆ ಬಂದರೆ ಸರಿ. ನನಗೆ ಬಂದದ್ದು 108. ಕಾಗದದ ಅಭ್ಯಾಸದಂತೆ ಖಾಲಿ ಕೋಶಗಳಲ್ಲೆಲ್ಲ ಗೆರೆ ಹಾಕಿದ್ದೆ, 107 ಗೆರೆಗಳ ನಡುವೆ ಒಂದು ನಿಜವಾದ ತಪ್ಪು ಅಡಗಿತ್ತು.

ಎರಡನೆಯದು ಉದ್ದ ಲೆಡ್ಜರ್. ಕಾಲಂ ನಾಲ್ಕೇ: ತಾರೀಕು, ವಿವರ, ಬಾಬು, ಮೊತ್ತ. ದಿನಸಿ-ಔಷಧಿ ಬಿಲ್ಲನ್ನು ಒಡೆಯಬೇಕಾದ್ದರಿಂದ 28 ಸಾಲಾಯಿತು, ಅದು ಸ್ವಲ್ಪ ಕಿರಿಕಿರಿ. ಆದರೆ ಹೊಸ ಬಾಬು ಬಂದರೆ ಕಾಲಂ ಹಾಕುವ ಗೋಜಿಲ್ಲ. ಹಣವೆಲ್ಲ ಒಂದೇ ಕಾಲಂನಲ್ಲಿ, ಖಾಲಿ ಕೋಶವೇ ಇಲ್ಲ. ಎಣಿಸುವ ಸೂತ್ರ `D2:D29`ಕ್ಕೆ ಹಾಕಿದ ತಕ್ಷಣ 1 ಅಂತ ತೋರಿಸಿತು. ಅಂಕಿಗಳೆಲ್ಲ ಬಲಕ್ಕೆ, ಅದೊಂದು ಎಡಕ್ಕೆ ಅಂಟಿಕೊಂಡಿತ್ತು. `/-` ಅಳಿಸಿದೆ, ಒಟ್ಟು 19,890 ಬಂತು.

ಬಾಬುವಾರು ಮೊತ್ತಕ್ಕೆ F ಕಾಲಂನಲ್ಲಿ ಬಾಬುಗಳ ಹೆಸರು ಬರೆದು, ಪಕ್ಕದಲ್ಲಿ ಇದು:

```
=SUMIF(C$2:C$29,F2,D$2:D$29)
```

ಇದಕ್ಕೂ ಒಂದು ಕಾಯಿಲೆ ಇದೆ. ಬಾಬುಗಳನ್ನು ಕೂಡಿದರೆ 19,250 ಮಾತ್ರ. 640 ಕಾಣೆ! ಒಂದು ಸಾಲಿನಲ್ಲಿ ‘ಔಷಧಿ’ ಬದಲು ‘ಔಷಧ’ ಅಂತ ಬರೆದಿದ್ದೆ. ಹಿಂದೆ ಒಂದು ಸ್ಪೇಸ್ ಜಾಸ್ತಿ ಬಿದ್ದರೂ ಇದೇ ಗತಿ. ಆದರೆ ಇಲ್ಲಿ ಒಟ್ಟು ಮೊತ್ತ ಬೇರೆಯಾಗಿ ಇರುವುದರಿಂದ ಕೊರತೆ ತಾನಾಗೇ ಕಾಣುತ್ತದೆ. ಬಾಬಿನ ಕಾಲಂಗೆ ಡ್ರಾಪ್‌ಡೌನ್ ಪಟ್ಟಿ ಕಟ್ಟಿದ ಮೇಲೆ ಆ ತೊಂದರೆ ಮರಳಲಿಲ್ಲ.

ಹಣದ ಚಿಹ್ನೆ, ಅಲ್ಪವಿರಾಮ ಯಾವುದನ್ನೂ ಈಗ ಕೈಯಲ್ಲಿ ಟೈಪ್ ಮಾಡುವುದಿಲ್ಲ. ಬರೀ ಅಂಕಿ ಹೊಡೆದು, ಇಡೀ ಕಾಲಂಗೆ ಒಂದೇ ಸಲ `#,##0.00` ಫಾರ್ಮ್ಯಾಟ್ ಕೊಡುತ್ತೇನೆ. ಅಡ್ಡ ಲೆಡ್ಜರ್‌ನಲ್ಲಿ ಇದನ್ನು ಐದು ಕಾಲಂಗೆ ಕೊಡಬೇಕು, ಹೊಸದು ಬಂದಾಗ ಅದಕ್ಕೂ ಕೊಟ್ಟಿದ್ದೇನಾ ಅಂತ ನೋಡಬೇಕು. ಜಾಗ ಉಳಿಸೋಣ ಅಂತ ದಶಾಂಶ ಮುಚ್ಚಿಯೂ ನೋಡಿದೆ. 10.40 ಮೂರು ಸಲ ಇದ್ದರೆ ಮೇಲೆ 10, 10, 10 ಅಂತ ಕಾಣುತ್ತದೆ, ಕೆಳಗೆ 31. ಮುಚ್ಚಿದ್ದು ಕಣ್ಣಿಗೆ ಮಾತ್ರ, ಒಳಗಿನ ಪೈಸೆ ಹಾಗೇ ಇರುತ್ತದೆ. ಮನೆಯವರು ಬೆರಳು ಮಡಿಚಿ ಎಣಿಸಿ ಕೇಳಿದರೆ ಏನು ಹೇಳೋದು?

ಬರೆದಿಡುವುದಕ್ಕೆ ಉದ್ದದ್ದನ್ನೇ ಇಟ್ಟುಕೊಂಡಿದ್ದೇನೆ. ಅಡ್ಡದ ನೋಟ ಬೇಕೆನಿಸಿದಾಗ ಅದರ ಮೇಲೆ ಪಿವಟ್ ಟೇಬಲ್ ಹಾಕುತ್ತೇನೆ: ಸಾಲಿಗೆ ತಾರೀಕು, ಕಾಲಂಗೆ ಬಾಬು. ಅಲ್ಲಿನ ಖಾಲಿ ಜಾಗಗಳಿಗೆ ಗೆರೆ ಹಾಕಲು ಹೋಗುವುದಿಲ್ಲ.