ದುಡ್ಡು ಕಟ್ ಆಯಿತು, ಟಿಕೆಟ್ ಬರಲಿಲ್ಲ: ಯುಪಿಐ, ಕಾರ್ಡ್, ವ್ಯಾಲೆಟ್, ಆಟೋಪೇ – ಯಾವುದರಲ್ಲಿ ಬೇಗ ವಾಪಸ್?

ಕಾಸರಗೋಡಿನಿಂದ ಬೆಂಗಳೂರಿಗೆ ಹೋಗಿ ಬರುವವರಿಗೆ ಈ ಪೇಚಾಟ ಹೊಸತಲ್ಲ. ರಾತ್ರಿ ಬಸ್ಸಿಗೋ, ಕಣ್ಣೂರು–ಬೆಂಗಳೂರು ರೈಲಿಗೋ ಸೀಟು ಹಿಡಿಯಲು ಕೂತಿರುತ್ತೇವೆ. ಪಿನ್ ಒತ್ತಿದ ಕೂಡಲೇ ದುಡ್ಡು ಕಟ್ ಆದ ಮೆಸೇಜ್ ಬರುತ್ತದೆ. ಟಿಕೆಟ್ ಮಾತ್ರ ಬರುವುದಿಲ್ಲ. ಮನೆಯವರ, ನೆಂಟರ ಟಿಕೆಟ್ ಎಲ್ಲ ಹೆಚ್ಚಾಗಿ ನಾನೇ ಮಾಡುವುದರಿಂದ ದುಡ್ಡು ಕಟ್ಟುವ ಬೇರೆ ಬೇರೆ ದಾರಿಗಳನ್ನು ಬಳಸಿ ನೋಡಿದ್ದೇನೆ. ದುಡ್ಡು ವಾಪಸ್ ಬರುವ ವಿಷಯದಲ್ಲಿ ಅವುಗಳ ನಡುವೆ ತುಂಬಾ ವ್ಯತ್ಯಾಸ ಇದೆ.

ಮೊದಲು ಯುಪಿಐ. ಇದರಲ್ಲಿ ನನಗೆ ಇಷ್ಟವಾಗುವುದು ಏನೆಂದರೆ ದುಡ್ಡು ಎಲ್ಲಿ ನಿಂತಿದೆ ಅಂತ ನಾವೇ ನೋಡಬಹುದು. ಮಳೆಗಾಲದ ಒಂದು ರಾತ್ರಿ ಬಸ್ಸಿನ ಆ್ಯಪ್ ಒಂದರಲ್ಲಿ 1,150 ರೂಪಾಯಿ ಕಟ್ಟಿದ್ದೆ. ಪಿನ್ ಒತ್ತಿದ ಮೇಲೆ ನೆಟ್‌ವರ್ಕ್ ಹೋಯಿತು. ಅದು ಬರುವಷ್ಟರಲ್ಲಿ ಬಸ್ಸಿನ ಆ್ಯಪ್ ಸೀಟು ಬಿಟ್ಟುಕೊಟ್ಟಾಗಿತ್ತು. ಆಗ ನಾನು ಬಸ್ಸಿನ ಆ್ಯಪ್‌ನಲ್ಲಿ ಹುಡುಕುತ್ತಾ ಕೂರಲಿಲ್ಲ, ದುಡ್ಡು ಕಳಿಸಿದ ಯುಪಿಐ ಆ್ಯಪ್ ತೆರೆದು ಹಿಸ್ಟರಿಯಲ್ಲಿ ಆ ವ್ಯವಹಾರವನ್ನು ಒತ್ತಿ ನೋಡಿದೆ. ಅಲ್ಲಿ Pending ಅಂತ ಇತ್ತು, ಕೆಳಗೆ UTR ಎಂದು 12 ಅಂಕಿಯ ನಂಬರ್. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಅಲ್ಲಿ ಕಾಣುವ ಆ ಒಂದು ಪದದ ಮೇಲೆ ಮುಂದಿನದೆಲ್ಲ ನಿಂತಿದೆ. Pending ಅಂದರೆ ಬ್ಯಾಂಕುಗಳ ನಡುವೆ ಇನ್ನೂ ತೀರ್ಮಾನ ಆಗಿಲ್ಲ. Failed ಅಂತ ಇದ್ದೂ ದುಡ್ಡು ಕಟ್ ಆಗಿದ್ದರೆ ಅದು ವ್ಯಾಪಾರಿಗೆ ತಲುಪಿಲ್ಲ, ಬ್ಯಾಂಕೇ ವಾಪಸ್ ಹಾಕಬೇಕು. Success ಅಂತ ಇದ್ದರೆ ಕತೆಯೇ ಬೇರೆ. ದುಡ್ಡು ವ್ಯಾಪಾರಿಯ ಕಡೆಗೆ ಹೋಗಿ ಆಗಿದೆ, ಅವರು ಟಿಕೆಟ್ ಕೊಟ್ಟಿಲ್ಲ ಅಷ್ಟೇ. ಆಗ ಬ್ಯಾಂಕಿನ ಬಾಗಿಲು ತಟ್ಟಿದರೆ ಸುಮ್ನೆ ಅಲೆದಾಟ, ರಿಫಂಡ್ ಹೊರಡಬೇಕಾದದ್ದು ಟಿಕೆಟ್ ಮಾರುವವರಿಂದ.

ಮೊದಲಿನ ಎರಡು ಸಂದರ್ಭಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆ ಅದು. ಖಾತೆಯಿಂದ ದುಡ್ಡು ಹೋಗಿ ವ್ಯಾಪಾರಿಗೆ ಖಾತ್ರಿ ಸಿಗದಿದ್ದರೆ, ವ್ಯವಹಾರ ಆದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿಯೇ ವಾಪಸ್ ಆಗಬೇಕು. ಯುಪಿಐಗೂ ಆನ್‌ಲೈನ್ ಕಾರ್ಡಿಗೂ ಇದೇ ಗಡುವು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನಾವು ದೂರು ಕೊಡುವುದಕ್ಕೆ ಕಾಯದೆ. ಲೆಕ್ಕ ಹೀಗೆ: 3ನೇ ತಾರೀಕು ಕಟ್ಟಿದರೆ 8ನೇ ತಾರೀಕಿನ ಒಳಗೆ ಬರಬೇಕು. 12ಕ್ಕೆ ಬಂದರೆ ನಾಲ್ಕು ದಿನ ತಡ, 400 ರೂಪಾಯಿ ಜಾಸ್ತಿ ಬರಬೇಕು. ನಡುವೆ ಭಾನುವಾರ ಬಂತು, ರಜೆ ಬಂತು ಅನ್ನುವ ಮಾತಿಲ್ಲ, ಎಲ್ಲ ದಿನವೂ ಲೆಕ್ಕಕ್ಕೆ ಸೇರುತ್ತದೆ. ನನ್ನ ಆ 1,150 ರೂಪಾಯಿ ಗಡುವಿಗೆ ಮೊದಲೇ ಬಂತು. ಸ್ಟೇಟ್‌ಮೆಂಟಿನಲ್ಲಿ ಅದೇ UTR ನಂಬರಿನೊಂದಿಗೆ ಜಮೆ ಆಗಿತ್ತು.

ಆದರೆ Success ಆಗಿದ್ದರೆ ಈ ದಿನಕ್ಕೆ 100 ರೂಪಾಯಿಯನ್ನು ಬ್ಯಾಂಕಿನ ಹತ್ತಿರ ಕೇಳಲು ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಮಂದಿ ಬ್ಯಾಂಕಿನವರ ಜೊತೆ ಜಗಳವಾಡಿ ಬರಿಗೈಯಲ್ಲಿ ಬರುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಡೆಬಿಟ್ ಕಾರ್ಡ್ ನನ್ನ ಪಟ್ಟಿಯಲ್ಲಿ ಕೊನೆಗೆ. ಗಡುವು ಕಾಗದದಲ್ಲಿ ಯುಪಿಐಯದ್ದೇ ಇರಬಹುದು, ಆದರೆ ದುಡ್ಡು ಎಲ್ಲಿದೆ ಅಂತ ನಮಗೆ ಕಾಣುವುದೇ ಇಲ್ಲ. ಬದಿಯಡ್ಕದ ನನ್ನ ಅತ್ತಿಗೆ ಕಾರ್ಡಿನಲ್ಲಿ ಟಿಕೆಟ್ ಮಾಡಿದಾಗ ದುಡ್ಡು ಹೋಗಿ ಟಿಕೆಟ್ ಬರಲಿಲ್ಲ. ಆ್ಯಪ್‌ನವರು ರಿಫಂಡ್ ಮಾಡಿ ಆಗಿದೆ ಅಂದರು. ಖಾತೆಯಲ್ಲಿ ನೋಡಿದರೆ ಏನೂ ಇಲ್ಲ. ಅವರ ಜೊತೆ ನಾನೂ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ತಾಳ್ಮೆಯಿಂದ ಹೇಳಿದಳು: "ಅಕ್ಕ, ರಿಫಂಡ್ ಆಗಿದೆ ಅಂತ ಬಾಯಲ್ಲಿ ಹೇಳಿದರೆ ನಮಗೆ ಹುಡುಕಲಿಕ್ಕೆ ಆಗುವುದಿಲ್ಲ. ಅವರ ಹತ್ತಿರ ಎಆರ್‌ಎನ್ ನಂಬರ್ ಕೇಳಿ ತನ್ನಿ."

ಎಆರ್‌ಎನ್ ಎಂದರೆ ಕಾರ್ಡಿಗೆ ರಿಫಂಡ್ ಹೊರಟಾಗ ಅದಕ್ಕೆ ಬೀಳುವ ಗುರುತಿನ ನಂಬರ್. ಆ್ಯಪ್‌ನವರಿಗೆ ಮೇಲ್ ಹಾಕಿ, ಆ ನಂಬರ್ ಮತ್ತು ರಿಫಂಡ್ ಕಳಿಸಿದ ತಾರೀಕು ಎರಡನ್ನೂ ಕೇಳಿದೆವು. ನಂಬರ್ ಕೈಗೆ ಬಂದ ಮೇಲೆ ಬ್ಯಾಂಕಿನವರಿಗೆ ಹುಡುಕಲು ಸುಲಭವಾಯಿತು, ಅತ್ತಿಗೆಯ ದುಡ್ಡೂ ಬಂತು. ಯಾರಾದರೂ ರಿಫಂಡ್ ಮಾಡಿದ್ದೇವೆ ಅಂದು ಆ ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ, ಅದು ಇನ್ನೂ ಹೊರಟೇ ಇಲ್ಲ ಎಂದು ಅನುಮಾನ ಪಡಬಹುದು.

ಇನ್ನು ರೈಲಿನ ವಿಷಯ. ತತ್ಕಾಲ್ ಮಾಡುವಾಗ ದುಡ್ಡು ಸಿಕ್ಕಿಕೊಂಡರೆ ಹೆಚ್ಚು ಕಷ್ಟ, ಏಕೆಂದರೆ ಮತ್ತೊಂದು ಸಲ ಪ್ರಯತ್ನಿಸಲು ಖಾತೆಯಲ್ಲಿ ಅಷ್ಟೇ ದುಡ್ಡು ಬೇಕು. ನಾಲ್ಕು ಜನರ ಟಿಕೆಟ್ಟಿನ ದುಡ್ಡು ಎರಡೆರಡು ಸಲ ಎಲ್ಲರ ಖಾತೆಯಲ್ಲೂ ಇರುವುದಿಲ್ಲ ಅಲ್ವಾ? ಇಲ್ಲಿ ಐಆರ್‌ಸಿಟಿಸಿಯ ಇ-ವ್ಯಾಲೆಟ್ ಬೇರೆಲ್ಲಕ್ಕಿಂತ ಮುಂದೆ. ದುಡ್ಡು ಮೊದಲೇ ಒಳಗಿರುವುದರಿಂದ ಬುಕಿಂಗ್ ಹೊತ್ತಿನಲ್ಲಿ ಬ್ಯಾಂಕಿಗೆ ಹೋಗಿ ಬರುವ ಕೆಲಸವೇ ಇಲ್ಲ. ಟಿಕೆಟ್ ಆಗದಿದ್ದರೆ ದುಡ್ಡು ವ್ಯಾಲೆಟ್ಟಿಗೇ ಮರಳುತ್ತದೆ. ಕೊರತೆ ಎಂದರೆ ಅದರಲ್ಲಿ ಹಾಕಿದ್ದು ಟಿಕೆಟ್ಟಿಗೇ ಮೀಸಲು, ಅಕ್ಕಿ–ಸಾಮಾನಿಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ರೈಲು ಹತ್ತುವವರು ಅಲ್ಲಿ ಎರಡು ಸಾವಿರ ಇಟ್ಟು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಅಂಥವರಿಗೆ ಐಆರ್‌ಸಿಟಿಸಿಯದ್ದೇ ದುಡ್ಡು ಕಟ್ಟುವ ದಾರಿಯಾದ ಐಪೇಯ ಆಟೋಪೇ ಒಳ್ಳೆಯದು. ಇದರಲ್ಲಿ ದುಡ್ಡು ನಮ್ಮ ಖಾತೆಯಲ್ಲೇ ಇರುತ್ತದೆ, ಟಿಕೆಟ್ಟಿನ ಮೊತ್ತವನ್ನು ತಡೆಹಿಡಿಯುತ್ತಾರೆ ಅಷ್ಟೇ. ಪಿಎನ್‌ಆರ್ ನಂಬರ್ ಬಂದರೆ ಮಾತ್ರ ಕಟ್ ಆಗುತ್ತದೆ, ಇಲ್ಲದಿದ್ದರೆ ತಡೆ ಬಿಡುತ್ತದೆ. ತಡೆ ಇರುವಷ್ಟು ಹೊತ್ತು ಆ ದುಡ್ಡನ್ನು ಬಳಸಲು ಆಗುವುದಿಲ್ಲ, ಸ್ಟೇಟ್‌ಮೆಂಟಿನಲ್ಲಿ ಖರ್ಚೂ ಕಾಣುವುದಿಲ್ಲ. ಇದನ್ನು ನೋಡಿ ಗಾಬರಿ ಬೀಳುವವರಿದ್ದಾರೆ.

ಹಾಗಾಗಿ ನಾನು ಬಸ್ಸಿಗೆ ಯುಪಿಐ, ತತ್ಕಾಲಿಗೆ ವ್ಯಾಲೆಟ್ ಬಳಸುತ್ತೇನೆ. ಬೇರೆ ಊರಿನಲ್ಲಿರುವ ನೆಂಟರಿಗೆ ಆಟೋಪೇ ಹೇಳಿಕೊಡುತ್ತೇನೆ.

ದುಡ್ಡು ಬಾರದಿದ್ದಾಗ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಮೋಸದ ನಂಬರ್‌ಗಳು ಬೇಕಾದಷ್ಟಿವೆ. ರಿಫಂಡ್ ಕೊಡಲು ಯುಪಿಐ ಪಿನ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ, ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಯುಪಿಐ ಆ್ಯಪ್‌ನಲ್ಲಿ ಅದೇ ವ್ಯವಹಾರದ ಕೆಳಗೆ ದೂರು ಕೊಡುವ ಜಾಗ ಇರುತ್ತದೆ, ಅಲ್ಲೇ ಕೊಡಿ. ಜೊತೆಗೆ ಬ್ಯಾಂಕಿಗೂ ಬರೆದು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅಲ್ಲಿ ಲಗತ್ತಿಸಲು ಆ ಮೊದಲ ದಿನದ ಸ್ಕ್ರೀನ್‌ಶಾಟ್, UTR ನಂಬರ್, ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಮೂರೂ ಕೈಯಲ್ಲಿರಲಿ.